4 ಗಂಟೆ 25 ನಿಮಿಷದ ಮ್ಯಾರಥಾನಿಗೆ ಕಾರ್ಬನ್ ಶೂ ಬೇಕಾ?

ಪ್ರಶ್ನೆ: ಸರ್, ನಾನು ಕೊಪ್ಪಳದಲ್ಲಿ ಹೈಸ್ಕೂಲ್ ಮಾಸ್ತರ್, ವಯಸ್ಸು 41. ಕಳೆದ ಜನವರಿಯಲ್ಲಿ ಮುಂಬೈ ಮ್ಯಾರಥಾನ್ 4:25ಕ್ಕೆ ಮುಗಿಸಿದೆ. ಮೊದಲರ್ಧ 2:03, ಎರಡನೇ ಅರ್ಧ 2:22. ಬರುವ ಸಲ 4:15 ಆಗಬೇಕು. ಗುಂಪಿನಲ್ಲಿ ಎಲ್ಲರೂ ಕಾರ್ಬನ್ ಪ್ಲೇಟ್ ಶೂ ತಗೊಳ್ಳಿ ಅಂತಾರೆ. ಹೊಸದು 22,000 ರೂಪಾಯಿ. ಬೆಂಗಳೂರಿನ ಗೆಳೆಯ 350 ಕಿ.ಮೀ. ಓಡಿದ ತನ್ನ ಜೋಡಿಯನ್ನು 7,000ಕ್ಕೆ ಕೊಡ್ತೀನಿ ಅಂತಾನೆ. ಯಾವುದು ತಗೊಳ್ಳಲಿ?

ಉತ್ತರ:

ಮಾಸ್ತರ್ರೇ, ಈ ವರ್ಷ ಎರಡೂ ಬೇಡ. ನಾನು ಬಳ್ಳಾರಿಯಲ್ಲಿ ಹತ್ತು ವರ್ಷದಿಂದ ಓಟಗಾರರಿಗೆ ತರಬೇತಿ ಕೊಡುತ್ತಿದ್ದೇನೆ. ನನ್ನ ಹತ್ತಿರವೂ ಕಾರ್ಬನ್ ಶೂ ಇದೆ, ಅದನ್ನು ಹಾಕಿಕೊಂಡು ಓಡುವುದು ನನಗೆ ಇಷ್ಟ ಕೂಡ. ಆದರೂ ನಿಮಗೆ ಬೇಡ ಅನ್ನುತ್ತಿದ್ದೇನೆ. ಯಾಕೆ ಅಂದರೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ, ಆ 2:03 ಮತ್ತು 2:22ರಲ್ಲಿ. ಅಲ್ಲಿಗೆ ಆಮೇಲೆ ಬರುತ್ತೇನೆ, ಮೊದಲು ಅಟ್ಟೆಯ ಮೆತ್ತನೆ ಫೋಮಿನೊಳಗೆ ಗಟ್ಟಿ ಕಾರ್ಬನ್ ಹಾಳೆ ಕೂರಿಸಿದ ಈ ಶೂ ಏನು ಮಾಡುತ್ತದೆ ಅಂತ ನೋಡೋಣ.

ನಿಮ್ಮ ಗುಂಪಿನವರು "4 ಪರ್ಸೆಂಟ್ ಲಾಭ" ಅಂತ ಹೇಳಿರಬೇಕು, ಅಲ್ವಾ? ಆ ಸಂಖ್ಯೆ ಸುಳ್ಳಲ್ಲ. 2017ರಲ್ಲಿ ನೈಕಿಯ ವೇಪರ್‌ಫ್ಲೈ ಅನ್ನುವ ಕಾರ್ಬನ್ ಶೂ ಬಂದಾಗ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಅದರ ಮಾದರಿಯನ್ನು ಪರೀಕ್ಷೆ ಮಾಡಿದರು. 18 ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಉಸಿರಿನ ಆಮ್ಲಜನಕ ಅಳೆದು, ಅದೇ ವೇಗಕ್ಕೆ ದೇಹ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಅಂತ ಲೆಕ್ಕ ಹಾಕಿದರು. ಆಗಿನ ಒಳ್ಳೆಯ ರೇಸ್ ಶೂಗಳಿಗೆ ಹೋಲಿಸಿದರೆ ಸರಾಸರಿ 4% ಕಡಿಮೆ ಖರ್ಚಾಯಿತು. ಆದರೆ ಆ 18 ಜನ ಯಾರು? 10 ಕಿ.ಮೀ.ಯನ್ನು 31 ನಿಮಿಷದ ಒಳಗೆ ಓಡುವವರು. ಅವರನ್ನು ಓಡಿಸಿದ್ದು ಗಂಟೆಗೆ 14, 16, 18 ಕಿ.ಮೀ. ವೇಗದಲ್ಲಿ. ನಿಮ್ಮ 4:25 ಅಂದರೆ ಗಂಟೆಗೆ ಸುಮಾರು 9.5 ಕಿ.ಮೀ., ಒಂದು ಕಿಲೋಮೀಟರಿಗೆ 6 ನಿಮಿಷ 17 ಸೆಕೆಂಡು. ನೀವು ಓಡುವುದು ಆ ಪರೀಕ್ಷೆ ಮುಟ್ಟದ ವೇಗದಲ್ಲಿ.

ನಮ್ಮಂಥವರ ವೇಗದಲ್ಲೂ ಆಮೇಲೆ ಪರೀಕ್ಷೆ ಆಗಿದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ವೇಪರ್‌ಫ್ಲೈಯ ನಂತರದ ಮಾದರಿ ಹಾಕಿಸಿ ಗಂಟೆಗೆ 12 ಮತ್ತು 10 ಕಿ.ಮೀ. ವೇಗದಲ್ಲಿ ಓಡಿಸಿದರು. 12ರಲ್ಲಿ ಉಳಿತಾಯ ಸರಾಸರಿ 1.4%, 10ರಲ್ಲಿ 0.9%. ಇದು ಬರೀ ಸರಾಸರಿ. ಕೆಲವರಿಗೆ ಇದಕ್ಕಿಂತ ಜಾಸ್ತಿ ಸಿಕ್ಕಿತು, ಕೆಲವರಿಗೆ ಮಾಮೂಲಿ ಶೂಗಿಂತ ಜಾಸ್ತಿ ಶಕ್ತಿಯೇ ಖರ್ಚಾಯಿತು. ನೀವು ಯಾವ ಕಡೆ ಬೀಳುತ್ತೀರಿ ಅಂತ ಅಂಗಡಿಯಲ್ಲಿ ನಿಂತು ಯಾರೂ ಹೇಳಲಾರರು.

ವೇಗ ಕಡಿಮೆಯಾದರೆ ಲಾಭ ಯಾಕೆ ಕಡಿಮೆ? ಹೆಸರು ಕಾರ್ಬನ್ ಶೂ ಆದರೂ ಹೆಚ್ಚಿನ ಕೆಲಸ ಮಾಡುವುದು ಕಾರ್ಬನ್ ಅಲ್ಲ, ಫೋಮ್. ಇದು ಗೊತ್ತಾದರೆ ಮುಂದಿನದೆಲ್ಲ ಸುಲಭ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ವೇಪರ್‌ಫ್ಲೈ ಶೂ ತೆಗೆದುಕೊಂಡು ಒಳಗಿನ ಪ್ಲೇಟನ್ನು ಮುಂಗಾಲಿನ ಭಾಗದಲ್ಲಿ ಅಡ್ಡಡ್ಡ ಕೊಯ್ದುಬಿಟ್ಟರು. ಪ್ಲೇಟಿನ ಬಿಗುವು ಹೋಯಿತು, ಫೋಮ್ ಹಾಗೇ ಉಳಿಯಿತು. ಆಮೇಲೆ ಓಡಿಸಿ ನೋಡಿದರೆ ಓಟಗಾರರ ಶಕ್ತಿಯ ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಬರಲಿಲ್ಲ. ಅಂದರೆ ಪ್ಲೇಟು ಮುಖ್ಯವಾಗಿ ಆ ಮೆತ್ತನೆ ದಪ್ಪ ಫೋಮನ್ನು ಅದರ ಆಕಾರದಲ್ಲಿ ಹಿಡಿದಿಡುತ್ತದೆ ಅನ್ನಿಸುತ್ತದೆ. ಮುಂದಕ್ಕೆ ಚಿಮ್ಮಿಸುವ ಸ್ಪ್ರಿಂಗ್ ಅಂತ ಅಂಗಡಿಯವರು ಹೇಳುವುದು ಅರ್ಧ ಕಥೆ.

ಆ ಫೋಮಿಗೆ ಪೀಬಾ ಅಂತ ಹೆಸರು. ಕೊಲರಾಡೊದವರು ಯಂತ್ರದಲ್ಲಿ ಒತ್ತಿ ನೋಡಿದಾಗ, ಒತ್ತಲು ಹಾಕಿದ ಶಕ್ತಿಯಲ್ಲಿ 87% ವಾಪಸ್ ಕೊಟ್ಟಿತು. ಮಾಮೂಲಿ ಈವಿಎ ಫೋಮಿನ ಶೂ ಕೊಟ್ಟಿದ್ದು ಸುಮಾರು 66%. ಆದರೆ ಫೋಮ್ ವಾಪಸ್ ಕೊಡುವುದು ನೀವು ಅದರೊಳಗೆ ಹಾಕಿದ್ದನ್ನೇ. ಜೋರಾಗಿ ಓಡುವವನ ಪಾದ ನೆಲಕ್ಕೆ ಹೆಚ್ಚು ಬಲದಿಂದ ಬೀಳುತ್ತದೆ, ಫೋಮ್ ಆಳಕ್ಕೆ ಒತ್ತುತ್ತದೆ, ಬೇಗ ವಾಪಸ್ ಚಿಮ್ಮುತ್ತದೆ. 6:17ರ ವೇಗದಲ್ಲಿ ಪಾದ ನೆಲದ ಮೇಲೆ ಜಾಸ್ತಿ ಹೊತ್ತು ಇರುತ್ತದೆ, ಒತ್ತಡ ಕಡಿಮೆ. ಹಾಕಿದ್ದು ಕಡಿಮೆ, ಬಂದದ್ದೂ ಕಡಿಮೆ.

ಈಗ ನಿಮ್ಮ ಲೆಕ್ಕ. 4:25 ಅಂದರೆ 265 ನಿಮಿಷ. ನಿಮ್ಮ ವೇಗದಲ್ಲಿ 1% ಶಕ್ತಿ ಉಳಿದರೆ ಸಮಯವೂ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಹಾಗಾಗಿ 0.9% ಅಂದರೆ ಸುಮಾರು 2 ನಿಮಿಷ 23 ಸೆಕೆಂಡು. ಶೂ ನಿಮ್ಮ ಕಾಲಿಗೆ ಚೆನ್ನಾಗಿ ಒಗ್ಗಿತು ಅಂತಲೇ ಇಟ್ಟುಕೊಳ್ಳಿ, ಎರಡರಷ್ಟು ಲಾಭ ಆಯಿತು ಅನ್ನೋಣ. ಆಗಲೂ ಐದು ನಿಮಿಷ ಮುಟ್ಟುವುದಿಲ್ಲ. ನಿಮಗೆ ಬೇಕಾಗಿರುವುದು ಹತ್ತು ನಿಮಿಷ.

ಈಗ 2:03 ಮತ್ತು 2:22ಕ್ಕೆ ಬನ್ನಿ. ಎರಡನೇ ಅರ್ಧದಲ್ಲಿ 19 ನಿಮಿಷ ಜಾಸ್ತಿ. ಮೊದಲರ್ಧ ನೀವು ಕಿಲೋಮೀಟರಿಗೆ 5:50ರಲ್ಲಿ ಹೋಗಿದ್ದೀರಿ, ಎರಡನೆಯದು 6:44. ಆ ಕೊನೆಯ ಹೊತ್ತು ಹೇಗಿತ್ತು ಅಂತ ನಿಮಗೆ ನೆನಪಿರುತ್ತದೆ, ನಾನೂ ಅಲ್ಲಿ ಓಡಿದ್ದೇನೆ. ಮುಂಬೈಯ ಜಿಗುಟು ಗಾಳಿ, ಮೈಮೇಲಿನ ಬನಿಯನ್ ಹಿಂಡಿದರೆ ನೀರು ಸುರಿಯುವಂತಿರುತ್ತದೆ, ಅಷ್ಟರಲ್ಲಿ ಪೆಡ್ಡರ್ ರೋಡ್ ಏರು ಎದುರಾಗುತ್ತದೆ. ಕೊಪ್ಪಳದಲ್ಲಿ ಗವಿಮಠದ ಜಾತ್ರೆ ಹೊತ್ತಿನ ಒಣ, ತಂಪು ಬೆಳಗಿನಲ್ಲಿ ತಯಾರಾದ ಮೈಗೆ ಅದು ಬೇರೆಯೇ ಊರು. ಅಲ್ಲಿ 5:50ಕ್ಕೆ ಹೊರಟರೆ 28ನೇ ಕಿಲೋಮೀಟರಿನ ಆಚೆ ಕಾಲು ಕೇಳುವುದಿಲ್ಲ.

4:15ಕ್ಕೆ ಬೇಕಾದ್ದು ಮೊದಲಿಂದ ಕೊನೆವರೆಗೆ ಕಿಲೋಮೀಟರಿಗೆ 6:02. ಅಂದರೆ ಮೊದಲರ್ಧ 2:07:30ರ ಹತ್ತಿರ. ಕಳೆದ ಸಲಕ್ಕಿಂತ ನಾಲ್ಕೂವರೆ ನಿಮಿಷ ನಿಧಾನ! ಬೇಗ ಮುಗಿಸಲು ನಿಧಾನವಾಗಿ ಹೊರಡಿ ಅಂದರೆ ಯಾರಿಗೂ ರುಚಿಸುವುದಿಲ್ಲ, ಆದರೆ ನಿಮ್ಮ ಹತ್ತು ನಿಮಿಷ ಇರುವುದು ಅಲ್ಲೇ. ಇದರ ಜೊತೆಗೆ ಕೊನೆಯ ಹತ್ತು ವಾರದಲ್ಲಿ 28ರಿಂದ 32 ಕಿ.ಮೀ.ಯ ಉದ್ದ ಓಟ ನಾಲ್ಕು ಸಲ ಆಗಬೇಕು. ಒಂದೆರಡನ್ನು ಮುನಿರಾಬಾದ್ ಕಡೆ, ಬಿಸಿಲು ಸ್ವಲ್ಪ ಏರಿದ ಮೇಲೆ ಮುಗಿಯುವ ಹಾಗೆ ಇಟ್ಟುಕೊಳ್ಳಿ, ಮೈ ಬೆವರಿಗೆ ಒಗ್ಗಬೇಕು. ಓಡುವಾಗ ಗಂಟೆಗೆ 40ರಿಂದ 50 ಗ್ರಾಂ ಸಕ್ಕರೆ ಅಂಶ ಹೊಟ್ಟೆಗೆ ಹೋಗಬೇಕು. ಜೆಲ್ ಆದರೆ ಒಂದರಲ್ಲಿ ಸಾಮಾನ್ಯವಾಗಿ 20ರಿಂದ 25 ಗ್ರಾಂ ಇರುತ್ತದೆ, ಪೊಟ್ಟಣದ ಮೇಲೆ ಓದಿ ನೋಡಿ, ಉದ್ದ ಓಟದಲ್ಲೇ ತಿಂದು ಅಭ್ಯಾಸ ಮಾಡಿ.

ಇಷ್ಟೆಲ್ಲ ಕೇಳಿದ ಮೇಲೂ "ನನಗೆ ಒಗ್ಗುತ್ತದಾ ಅಂತ ನೋಡಬೇಕು" ಅನ್ನಿಸಿದರೆ ನೋಡಬಹುದು. ನಿಮ್ಮ ಗುಂಪಿನಲ್ಲಿ ನಿಮ್ಮದೇ ಅಳತೆಯ ಶೂ ಇರುವವರ ಹತ್ತಿರ ಒಂದು ಬೆಳಗಿನ ಮಟ್ಟಿಗೆ ಕೇಳಿ. ಸಪಾಟಾದ ಟಾರು ರಸ್ತೆಯಲ್ಲಿ 2 ಕಿ.ಮೀ. ಗುರುತು ಮಾಡಿಕೊಂಡು, ಹದಿನೈದು ನಿಮಿಷ ಮೈ ಬಿಸಿ ಮಾಡಿ, 6:02ರ ವೇಗದಲ್ಲಿ ನಾಲ್ಕು ಸಲ ಓಡಿ. ಮೊದಲು ನಿಮ್ಮ ಶೂ, ಆಮೇಲೆ ಎರಡು ಸಲ ಕಾರ್ಬನ್ ಶೂ, ಕೊನೆಗೆ ಮತ್ತೆ ನಿಮ್ಮ ಶೂ. ಈ ಕ್ರಮ ಯಾಕೆ ಅಂದರೆ ಓಡಿದ ಹಾಗೆಲ್ಲ, ಬಿಸಿಲು ಏರಿದ ಹಾಗೆಲ್ಲ ಎದೆಬಡಿತ ತಾನಾಗೇ ಏರುತ್ತದೆ. ಹಳೆಯದನ್ನು ಮೊದಲು, ಹೊಸದನ್ನು ಕೊನೆಗೆ ಹಾಕಿದರೆ ಹೊಸ ಶೂಗೆ ಅನ್ಯಾಯ ಆಗುತ್ತದೆ. ಪ್ರತಿ ಓಟದ ಕೊನೆಯ ಒಂದು ಕಿಲೋಮೀಟರಿನ ಸರಾಸರಿ ಬಡಿತ ಬರೆದುಕೊಳ್ಳಿ. ವಾಚಿಗಿಂತ ಎದೆಗೆ ಕಟ್ಟುವ ಪಟ್ಟಿ ಇದ್ದರೆ ಒಳ್ಳೆಯದು.

ಹೋದ ವರ್ಷ ನಮ್ಮ ಬಳ್ಳಾರಿ ಗುಂಪಿನ ಒಬ್ಬರು, ಹೆಚ್ಚುಕಡಿಮೆ ನಿಮ್ಮದೇ ವೇಗದವರು, ಹೀಗೆ ಮಾಡಿದರು. ಅವರಿಗೆ ಬಂದದ್ದು 152, 151, 154, 155. ಅವರ ಮಾಮೂಲಿ ಶೂನ ಎರಡು ಓಟದ ಸರಾಸರಿ 153.5, ಕಾರ್ಬನ್‌ನದು 152.5. ಒಂದೇ ಒಂದು ಬಡಿತ. ಅದು ರಾತ್ರಿ ನಿದ್ದೆ ಸರಿ ಆಗಿಲ್ಲ ಅಂದರೂ ಬರುವ ವ್ಯತ್ಯಾಸ, ಅದನ್ನು ಲಾಭ ಅಂತ ಓದಬಾರದು. ನಿಜ ಹೇಳಬೇಕೆಂದರೆ 1% ಲಾಭವನ್ನು ಈ ಪರೀಕ್ಷೆ ಹಿಡಿಯುವುದೇ ಇಲ್ಲ. ಇನ್ನೊಂದು ಬೆಳಗು ಮಾಡಿದಾಗಲೂ ನಾಲ್ಕೈದು ಬಡಿತ ಕಡಿಮೆ ಬಂದರೆ ಮಾತ್ರ, ಶೂ ನಿಮಗೆ ಒಗ್ಗಿದೆ ಅನ್ನಬಹುದು. ಬಡಿತಕ್ಕಿಂತ ಈ ಪರೀಕ್ಷೆಯಲ್ಲಿ ಹೆಚ್ಚು ಗೊತ್ತಾಗುವುದು ಕಾಲು ಅದರೊಳಗೆ ಹೇಗೆ ನಿಲ್ಲುತ್ತದೆ ಅನ್ನುವುದು. ಇದಕ್ಕೆ ಒಂದು ಕೆಲಸ ಮಾಡಿ. ಒಂಟಿಕಾಲಲ್ಲಿ ನಿಂತು ಮೊಣಕಾಲು ಸ್ವಲ್ಪ ಬಗ್ಗಿಸಿ, ಹಿಂದಿನಿಂದ ಯಾರಾದರೂ ಫೋನಿನಲ್ಲಿ ವಿಡಿಯೋ ತೆಗೆಯಲಿ. ಹಿಮ್ಮಡಿ ಫೋಮಿನ ಅಂಚಿನ ಕಡೆ ಒಳಕ್ಕೆ ಜಾರುತ್ತಿದ್ದರೆ, 35 ಕಿ.ಮೀ. ಆದ ಮೇಲೆ ಅದು ಇನ್ನೂ ಜಾಸ್ತಿ ಜಾರುತ್ತದೆ.

ಈ ಮಾತು ಮುಖ್ಯ, ಯಾಕೆಂದರೆ ಈ ಶೂಗಳ ತೊಂದರೆ ಶುರುವಾಗುವುದೇ ಇಲ್ಲಿಂದ. ಹಿಮ್ಮಡಿಯ ಕೆಳಗೆ ಸುಮಾರು 4 ಸೆಂಟಿಮೀಟರ್ ಫೋಮ್ ಇರುತ್ತದೆ. ರಸ್ತೆ ಓಟಕ್ಕೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ಮಿತಿ 40 ಮಿ.ಮೀ., ಕಂಪನಿಗಳು ಆ ಮಿತಿ ಮುಟ್ಟುವ ತನಕ ದಪ್ಪ ಮಾಡುತ್ತವೆ. ಮೆತ್ತನೆ, ಎತ್ತರ, ನಡು ಭಾಗ ಸಪೂರ. ಮುಂಗಾಲಿನ ಮೇಲೆ ಹಗುರಾಗಿ ಓಡುವವರಿಗೆ ಅದು ಸರಿ. ಹಿಮ್ಮಡಿ ಮೊದಲು ಊರಿ, ದಣಿದು, ಕಾಲೆಳೆದು ಓಡುವವರಿಗೆ ಪಾದ ಹೊರಳುತ್ತದೆ. ನಮ್ಮ ಕಡೆ ರಸ್ತೆಯ ಅಂಚು ನಿಮಗೆ ಗೊತ್ತೇ ಇದೆ. ಎದುರಿಂದ ಅದಿರಿನ ಲಾರಿ ಬಂತು ಅಂತ ಟಾರು ಬಿಟ್ಟು ಗರಸಿನ ಮೇಲೆ ಕಾಲಿಟ್ಟರೆ ಸಾಕು, ಉಳುಕುತ್ತದೆ. ಕೆಳಗಿನ ರಬ್ಬರ್ ಕೂಡ ತೆಳು, ಹಲವು ಕಡೆ ಫೋಮೇ ನೇರ ನೆಲಕ್ಕೆ ತಾಗುತ್ತದೆ. ಕಾಲುವೆ ದಂಡೆಯಲ್ಲಿ ಎರಡು ದಿನ ಓಡಿ ಬಂದು ತಿರುಗಿಸಿ ನೋಡಿದರೆ ಸಣ್ಣ ಕಲ್ಲು ಕಚ್ಚಿದ ಗುರುತು, ಜಾಲಿ ಮುಳ್ಳಿನ ತೂತು ಎಲ್ಲ ಕಾಣುತ್ತವೆ. ಇದು ಒಳ್ಳೆಯ ಟಾರು ರಸ್ತೆಯ ಶೂ.

ಎರಡನೆಯದು ಮೂಳೆ. ಬಿಗಿ ಪ್ಲೇಟು ಬೆರಳು ಬಗ್ಗದ ಹಾಗೆ ಮಾಡುವುದರಿಂದ ಪಾದದ ಮೇಲೆ ಬೀಳುವ ಭಾರದ ಜಾಗ ಬದಲಾಗುತ್ತದೆ. 2023ರಲ್ಲಿ ಕ್ರೀಡಾ ವೈದ್ಯರು ಕಾರ್ಬನ್ ಶೂ ಹಾಕುತ್ತಿದ್ದ ಐದು ಓಟಗಾರರ ಪಾದದ ನೇವಿಕ್ಯುಲರ್ ಮೂಳೆಗೆ ಆದ ಪೆಟ್ಟಿನ ಬಗ್ಗೆ ಬರೆದರು. ಐದೇ ಜನ, ಅದರಿಂದ ಶೂ ಎಲ್ಲರ ಮೂಳೆ ಮುರಿಯುತ್ತದೆ ಅಂತ ಆಗುವುದಿಲ್ಲ. ಆದರೆ ಆ ಮೂಳೆಗೆ ರಕ್ತ ಸರಬರಾಜು ಕಡಿಮೆ, ಪೆಟ್ಟಾದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಗುರುತು ಹಿಡಿಯುವುದು ಹೀಗೆ: ಪಾದದ ಮೇಲ್ಭಾಗದಲ್ಲಿ, ಹರಡಿನ ಸ್ವಲ್ಪ ಮುಂದೆ, ಶೂ ದಾರ ಕಟ್ಟುವ ಜಾಗದಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಒಂದೇ ಬಿಂದುವಿನಲ್ಲಿ ಚುಳ್ಳೆನ್ನುವ ನೋವು ಇದ್ದು, ಓಡುವಾಗ ಬಂದು ನಿಂತಾಗ ಹೋಗುತ್ತಿದ್ದರೆ ಅದು ಸ್ನಾಯು ನೋವಲ್ಲ. ಅವತ್ತೇ ಓಟ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಎಕ್ಸ್‌ರೇಯಲ್ಲಿ ಇದು ಎಷ್ಟೋ ಸಲ ಕಾಣುವುದೇ ಇಲ್ಲ, ಎಂಆರ್‌ಐ ಬೇಕಾಗುತ್ತದೆ.

ಮೀನಖಂಡದ ಬಗ್ಗೆ ನನ್ನದೇ ಅನುಭವ ಹೇಳುತ್ತೇನೆ. ಮೊದಲ ಜೋಡಿ ಬಂದ ವಾರವೇ ಅದನ್ನು ಹಾಕಿ 24 ಕಿ.ಮೀ. ಓಡಿದೆ. ಓಡುವಾಗ ಏನೂ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ಮನೆಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು, ಹತ್ತು ದಿನ ಓಟವೇ ಇಲ್ಲ. ಈಗ ನಾನು ಯಾರಿಗಾದರೂ ಮೊದಲು 4 ಕಿ.ಮೀ., ಮುಂದಿನ ವಾರ 8, ಹೀಗೆ ಏರಿಸಿ ಅನ್ನುತ್ತೇನೆ. ರೇಸಿಗೆ ಮೊದಲು ಒಟ್ಟು 50 ಕಿ.ಮೀ.ಯಷ್ಟು ಅದರಲ್ಲಿ ಓಡಿರಬೇಕು, ಅದರಲ್ಲಿ ಒಂದು ಉದ್ದ ಓಟ ಇರಲೇಬೇಕು.

ಹಾಗಾದರೆ ಏನು ತಗೊಳ್ಳಬೇಕು? ಕೆಲಸ ಮಾಡುವುದು ಫೋಮ್ ಅಂತ ಆಯಿತಲ್ಲ, ಹಾಗಾಗಿ ಪ್ಲೇಟ್ ಇಲ್ಲದ, ಪೀಬಾ ಫೋಮ್ ಇರುವ, ತಳ ಅಗಲವಾಗಿರುವ ತರಬೇತಿ ಶೂ ನೋಡಿ. ಹಿಂದಿನ ವರ್ಷದ ಮಾದರಿ ಆನ್‌ಲೈನ್ ಸೇಲಿನಲ್ಲಿ ಕಾರ್ಬನ್ ಶೂನ ಅರ್ಧ ಬೆಲೆಗೋ ಅದಕ್ಕಿಂತ ಸ್ವಲ್ಪ ಜಾಸ್ತಿಗೋ ಸಿಗುತ್ತದೆ. ಅದನ್ನೇ ಉದ್ದ ಓಟಕ್ಕೂ ರೇಸಿಗೂ ಹಾಕಬಹುದು. ಸಾಯಂಕಾಲ ಪಾದ ಸ್ವಲ್ಪ ಊದಿರುವಾಗ ಹಾಕಿ ನೋಡಿ, ಹೆಬ್ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದ ಜಾಗ ಇರಬೇಕು.

ಒಂದನ್ನು ಮಾತ್ರ ಖಂಡಿತ ತಗೊಳ್ಳಬೇಡಿ: ನಾಲ್ಕೈದು ಸಾವಿರಕ್ಕೆ "ಕಾರ್ಬನ್ ಪ್ಲೇಟ್" ಅಂತ ಬರೆದು ಮಾರುವ ಶೂ. ಅದರೊಳಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಪ್ಲೇಟು, ಸುತ್ತ ಮಾಮೂಲಿ ಈವಿಎ ಇರುತ್ತದೆ. ಬಿಗುವು ಬಂತು, ಚಿಮ್ಮುವ ಫೋಮ್ ಬರಲಿಲ್ಲ. ತೊಂದರೆಯ ಭಾಗ ಮಾತ್ರ ಮನೆಗೆ ಬಂದ ಹಾಗೆ. ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿದರೂ ಸುಳಿವು ಸಿಗುತ್ತದೆ. ನಿಜವಾದ ರೇಸ್ ಶೂ 9ನೇ ಅಳತೆಗೆ ಒಂದು ಕಾಲಿನದು ಸಾಮಾನ್ಯವಾಗಿ 180ರಿಂದ 240 ಗ್ರಾಂ ತೂಗುತ್ತದೆ. 300 ದಾಟಿದರೆ ಅದು ಆ ಜಾತಿಯದಲ್ಲ.

ಕೊನೆಗೆ ನಿಮ್ಮ ಗೆಳೆಯರ 7,000ದ ಜೋಡಿ. ಪೀಬಾ ಫೋಮಿನ ಚಿಮ್ಮುವ ಗುಣ ಬೇಗ ಸವೆಯುತ್ತದೆ. ಸ್ಪೇನಿನಲ್ಲಿ 450 ಕಿ.ಮೀ. ಓಡಿದ ಪೀಬಾ ಶೂಗಳನ್ನು ಪರೀಕ್ಷೆ ಮಾಡಿದಾಗ, ಹೊಸದರಲ್ಲಿ ಈವಿಎಗಿಂತ ಇದ್ದ ಲಾಭ ಉಳಿದಿರಲಿಲ್ಲ. 350 ಓಡಿದ್ದನ್ನು ತಂದು, ಒಗ್ಗಿಸಿಕೊಳ್ಳಲು 50 ಓಡಿ, ರೇಸಿನ 42 ಸೇರಿಸಿದರೆ ನೀವು ಹೆಚ್ಚುಕಡಿಮೆ ಅಲ್ಲಿಗೇ ತಲುಪುತ್ತೀರಿ. ಮೇಲಿಂದ ಅದು ಅವರ ಕಾಲಿಗೆ, ಅವರ ನಡಿಗೆಗೆ ತಕ್ಕ ಹಾಗೆ ಒತ್ತಿಕೊಂಡಿರುತ್ತದೆ. ನಂಬಿಕೆ ಬರದಿದ್ದರೆ ಒಂದು ಫೋಟೋ ಕಳಿಸಲು ಹೇಳಿ. ಜೋಡಿಯನ್ನು ಟೇಬಲ್ ಮೇಲಿಟ್ಟು, ಹಿಂದಿನಿಂದ, ಹಿಮ್ಮಡಿಯ ಮಟ್ಟದಲ್ಲಿ ತೆಗೆದದ್ದು. ಫೋಮಿನ ಬದಿಯಲ್ಲಿ ಅಡ್ಡ ಗೆರೆಗಳು ಆಳವಾಗಿ ಬಿದ್ದಿದ್ದರೆ ಅಥವಾ ಒಂದು ಶೂ ಒಳಗೋ ಹೊರಗೋ ವಾಲಿ ನಿಂತಿದ್ದರೆ, ಅದನ್ನು 700ಕ್ಕೆ ಕೊಟ್ಟರೂ ಬೇಡ ಅನ್ನಿ.